ತೊಟ್ಟಿ, ಹತ್ತಿ, ಮಂಜಿನ ಹರಳು: ಹೊರದೇಶದ ವಾಷಿಂಗ್ ಮೆಷಿನ್ನಿನ ಚಿಹ್ನೆಗಳು

ವಾಷಿಂಗ್ ಮೆಷಿನ್ನಿನ ಡಯಲ್ ಫೋಟೋ ತೆಗೆದು ಅರ್ಥ ಕೇಳುವವರು ಸಾಮಾನ್ಯವಾಗಿ ಒಂದೇ ಒಂದು ಫೋಟೋ ಕಳಿಸುತ್ತಾರೆ. ನಡುವೆ ನಾಬ್, ಸುತ್ತ ಹದಿನಾಲ್ಕೋ ಹದಿನಾರೋ ಪುಟ್ಟ ಚಿತ್ರಗಳು, ಅದರಲ್ಲಿ ಮೂರು ನಾಲ್ಕು ಫ್ಲ್ಯಾಶಿನ ಬೆಳಕಿಗೆ ಅಳಿಸಿಹೋಗಿರುತ್ತವೆ. ಈ ಲೇಖನಕ್ಕೆ ನಾನು ಎದುರಿಗಿಟ್ಟುಕೊಂಡಿರುವುದೂ ಅಂಥದ್ದೇ ಫೋಟೋ. ಸ್ಟುಟ್‌ಗಾರ್ಟ್‌ನಲ್ಲಿ ಕೆಲವು ವರ್ಷ ಕೆಲಸ ಮಾಡಿ ಬೆಂಗಳೂರಿಗೆ ಮರಳಿದ ಅಕ್ಕನ ಮಗ ಮನೆಸಾಮಾನಿನ ಜತೆ ಕಂಟೇನರಿನಲ್ಲಿ ತಂದ, ಬಾಗಿಲು ಮುಂದಿರುವ ಎಂಟು ಕಿಲೋ ಮೆಷಿನ್ ಅದು. ಮಗ ಸೊಸೆ ಇಬ್ಬರೂ ಆಫೀಸಿಗೆ ಹೋದ ಮೇಲೆ ಮೆಷಿನ್ ಅಕ್ಕನ ಪಾಲಿಗೆ. ಚಿತ್ರಗಳ ನಡುವೆ ಅಲ್ಲಲ್ಲಿ ಜರ್ಮನ್ ಪದಗಳು. ಅವಳಿಗೆ ಅದೂ ಒಂದು ಬಗೆಯ ಚಿತ್ರವೇ.

ಇಂಥ ಫೋಟೋ ನೋಡಿದ ಕೂಡಲೇ ಒಂದೊಂದೇ ಚಿತ್ರಕ್ಕೆ ಅರ್ಥ ಹೇಳಹೊರಟರೆ ಕೇಳುವವರಿಗೆ ಏನೂ ಉಳಿಯುವುದಿಲ್ಲ. ಮೊದಲು ತಿಳಿಯಬೇಕಾದದ್ದು, ಆ ಒಂದೇ ವೃತ್ತದಲ್ಲಿ ಮೂರು ಬೇರೆ ಬೇರೆ ಜಾತಿಯ ಸಂಗತಿಗಳನ್ನು ಕೂರಿಸಿದ್ದಾರೆ ಎನ್ನುವುದು. ಹತ್ತಿಕಾಯಿ, ಅಂಗಿ, ಗರಿ, ನೂಲಿನ ಉಂಡೆ ಇವು ಬಟ್ಟೆಯ ಬಗೆ. 20, 30, 40, 60, 90 ಎಂಬ ಅಂಕಿಗಳೂ ಮಂಜಿನ ಹರಳೂ ನೀರಿನ ಬಿಸಿ. ತೊಟ್ಟಿಯೊಳಗೆ ಗೀಟು, ತೊಟ್ಟಿಯ ಮೇಲೆ ಹನಿ, ಸುರುಳಿ, ಕೆಳಮುಖ ಬಾಣ ಇವು ಒಗೆಯುವ ಕೆಲಸದ ಹಂತಗಳು. ಮೊದಲ ಜಾತಿಯಲ್ಲಿ ನಾಬ್ ಇಟ್ಟರೆ ಮೆಷಿನ್ ಒಗೆದು, ಜಾಲಿಸಿ, ಹಿಂಡಿ ಕೆಲಸ ಪೂರ್ತಿ ಮುಗಿಸುತ್ತದೆ. ಮೂರನೆಯ ಜಾತಿಯಲ್ಲಿ ಇಟ್ಟರೆ ಆ ಒಂದು ಹಂತವನ್ನಷ್ಟೇ ಮಾಡಿ ನಿಲ್ಲುತ್ತದೆ. ‘ಹತ್ತು ನಿಮಿಷಕ್ಕೇ ಮುಗಿಯಿತು, ಸೋಪಿನ ಪುಡಿ ಡ್ರಾದಲ್ಲೇ ಇದೆ’ ಎಂಬ ದೂರು ಬಂದಾಗಲೆಲ್ಲ ನಾಬ್ ಸುರುಳಿಯ ಮೇಲಿರುತ್ತದೆ. ಸುರುಳಿ ಎಂದರೆ ಹಿಂಡುವುದು ಮಾತ್ರ.

ಗೊಂದಲದ ಇನ್ನೊಂದು ಮೂಲ ಬಟ್ಟೆಯ ಕಾಲರಿನ ಹಿಂದಿರುವ ಪಟ್ಟಿ. ಆ ಪಟ್ಟಿಯಲ್ಲೂ ತೊಟ್ಟಿ ಇದೆ, ಅಂಕಿ ಇದೆ, ಗೀಟು ಇದೆ. ಎರಡೂ ಒಂದೇ ಭಾಷೆ ಎಂದುಕೊಳ್ಳುವುದು ಸಹಜ. ಪಟ್ಟಿಯ ಚಿಹ್ನೆಗಳಿಗೆ ಒಬ್ಬ ಯಜಮಾನನಿದ್ದಾನೆ. 1963ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ ಜಿನೆಟೆಕ್ಸ್ ಎಂಬ ಸಂಸ್ಥೆ ಅವನ್ನು ರೂಪಿಸಿ ಟ್ರೇಡ್‌ಮಾರ್ಕ್ ಮಾಡಿಕೊಂಡಿದೆ. ಐಎಸ್‌ಒ 3758 ಎಂಬ ಅಂತರರಾಷ್ಟ್ರೀಯ ಮಾನಕದಲ್ಲಿಯೂ ಅವೇ ಇವೆ. ಹೀಗಾಗಿ ತಿರುಪ್ಪೂರಿನಲ್ಲಿ ಹೊಲಿದ ಟೀಶರ್ಟಿಗೂ ಇಟಲಿಯಲ್ಲಿ ಹೊಲಿದ ಕೋಟಿಗೂ ತೊಟ್ಟಿ ಎಂದರೆ ಒಗೆತ, ತ್ರಿಕೋನ ಎಂದರೆ ಬ್ಲೀಚ್, ಚೌಕ ಎಂದರೆ ಒಣಗಿಸುವುದು, ಇಸ್ತ್ರಿಪೆಟ್ಟಿಗೆ ಎಂದರೆ ಇಸ್ತ್ರಿ, ವೃತ್ತ ಎಂದರೆ ಡ್ರೈಕ್ಲೀನಿಂಗಿನವರ ಕೆಲಸ. ಮೆಷಿನ್ನಿನ ಮುಖದ ಮೇಲಿನ ಚಿತ್ರಗಳಿಗೆ ಎಲ್ಲರೂ ಹೀಗೆ ತಲೆಬಾಗುವ ಯಜಮಾನನಿಲ್ಲ. ಹಂತಗಳ ಗುರುತುಗಳು ಬಹುಮಟ್ಟಿಗೆ ಒಂದೇ ತರಹ ಇವೆ. ಬಟ್ಟೆಯ ಬಗೆಗೆ ಬಂದರೆ ಕಂಪನಿಗೊಂದು ಚಿತ್ರ. ನಾಜೂಕು ಬಟ್ಟೆಗೆ ಒಬ್ಬರು ಗರಿ ಬರೆಯುತ್ತಾರೆ, ಒಬ್ಬರು ಚಿಟ್ಟೆ, ಇನ್ನೊಬ್ಬರು ಹೂವು. ಅದೇ ಹೂವು ಸೋಪಿನ ಡ್ರಾದಲ್ಲಿ ಫ್ಯಾಬ್ರಿಕ್ ಕಂಡಿಷನರ್ ಹಾಕುವ ಜಾಗದ ಗುರುತು.

ಎರಡು ಕಡೆಯ ಗೀಟುಗಳನ್ನು ಒಮ್ಮೆ ಹತ್ತಿರದಿಂದ ನೋಡಬೇಕು, ಏಕೆಂದರೆ ಹೆಚ್ಚಿನ ಜನ ಎಡವುವುದು ಇಲ್ಲಿ. ಬಟ್ಟೆಯ ಪಟ್ಟಿಯಲ್ಲಿ ತೊಟ್ಟಿಯ ಕೆಳಗೆ, ಹೊರಗಡೆ, ಅಡ್ಡಗೀಟು ಇರುತ್ತದೆ. ಒಂದು ಗೀಟು ಇದ್ದರೆ ಮೆಲ್ಲಗೆ ಒಗೆಯಿರಿ, ಎರಡಿದ್ದರೆ ಇನ್ನೂ ಮೆಲ್ಲಗೆ ಎಂದರ್ಥ. ಮೆಷಿನ್ನಿನ ಮೇಲೆ ಗೀಟು ತೊಟ್ಟಿಯ ಒಳಗೆ, ಉದ್ದುದ್ದವಾಗಿ ನಿಂತಿರುತ್ತದೆ. ಒಂದು ಗೀಟೆಂದರೆ ಮುಖ್ಯ ಒಗೆತಕ್ಕೆ ಮುಂಚಿನ ಒಂದು ಸುತ್ತು, ಅಂದರೆ ಪ್ರೀವಾಷ್. ಎರಡು ಗೀಟೆಂದರೆ ಮುಖ್ಯ ಒಗೆತ. ಪಟ್ಟಿಯಲ್ಲಿ ಎರಡು ಗೀಟು ಕಂಡು ಡಯಲ್ಲಿನಲ್ಲಿಯೂ ಎರಡು ಗೀಟಿನ ತೊಟ್ಟಿ ಹುಡುಕಿ ಇಟ್ಟವರು, ತೀರ ಮೆಲ್ಲಗೆ ಒಗೆಯಬೇಕಾದ ಬಟ್ಟೆಯನ್ನು ಪೂರಾ ರಭಸದ ಒಗೆತಕ್ಕೆ ಕೊಟ್ಟಂತಾಯಿತು.

ಬಟ್ಟೆಯ ಚಿತ್ರಗಳು ನಿಜವಾಗಿ ಏನನ್ನು ಬದಲಿಸುತ್ತವೆ ಎಂಬುದಕ್ಕೆ ಜರ್ಮನಿಯಲ್ಲೇ ಹುಟ್ಟಿದ ಒಂದು ಲೆಕ್ಕಾಚಾರ ಸಹಾಯಕ್ಕೆ ಬರುತ್ತದೆ. ಹೆಂಕೆಲ್ ಕಂಪನಿಯಲ್ಲಿದ್ದ ಹರ್ಬರ್ಟ್ ಸಿನ್ನರ್ ಎಂಬ ರಸಾಯನತಜ್ಞ ಕೊಳೆ ಹೋಗುವುದಕ್ಕೆ ನಾಲ್ಕು ಕಾರಣ ಹೇಳಿದ: ಸೋಪು, ಬಿಸಿ, ಉಜ್ಜಾಟ, ಹೊತ್ತು. ಒಂದನ್ನು ಇಳಿಸಿದರೆ ಉಳಿದ ಮೂರರಲ್ಲಿ ಯಾವುದನ್ನಾದರೂ ಏರಿಸಿ ಸರಿದೂಗಿಸಬೇಕು. ಕಲ್ಲಿನ ಮೇಲೆ ಬಟ್ಟೆ ಒಗೆದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಡಯಲ್ಲಿನ ಒಂದೊಂದು ಚಿತ್ರವೂ ಬಿಸಿ, ಉಜ್ಜಾಟ, ಹೊತ್ತು ಈ ಮೂರರ ಒಂದೊಂದು ಪಾಕ. ಸೋಪು ಮಾತ್ರ ನಿಮ್ಮ ಕೈಯಲ್ಲಿ.

ನಮ್ಮ ಫೋಟೋದಲ್ಲಿ ಹತ್ತಿಕಾಯಿಯ ಪಕ್ಕ ‘ಬೌಮ್‌ವೋಲ್ಲೆ’ ಎಂದಿದೆ, ಹತ್ತಿ. ಇದು ಗಟ್ಟಿ ಬಟ್ಟೆಯ ಪಾಕ: ಡ್ರಮ್ಮಿನ ತುಂಬ ಬಟ್ಟೆ, ನೀರು ಕಡಿಮೆ, ಬಟ್ಟೆ ಮೇಲಕ್ಕೇರಿ ಕೆಳಗೆ ಬಡಿದುಕೊಳ್ಳುವ ಉಜ್ಜಾಟ ಜಾಸ್ತಿ, ಕೊನೆಯಲ್ಲಿ ಜೋರಾಗಿ ಹಿಂಡುವುದು. ಎಂಟು ಕಿಲೋ ಎಂದು ಮೆಷಿನ್ನಿನ ಮೇಲೆ ಬರೆದಿರುವುದು ಈ ಒಂದು ಕಾರ್ಯಕ್ರಮಕ್ಕೆ ಮಾತ್ರ ಅನ್ವಯ. ಅದರ ಮುಂದಿನ ‘ಪ್ಫ್ಲೇಗೆಲೈಷ್ಟ್’ ಎಂಬುದು ಪಾಲಿಯೆಸ್ಟರ್ ಮತ್ತು ಬೆರಕೆ ನೂಲಿನ ಬಟ್ಟೆಗೆ. ಬೇರೆ ಕಂಪನಿಗಳು ಇದೇ ಜಾಗದಲ್ಲಿ ಅಂಗಿಯ ಚಿತ್ರ, ಕೆಲವರು ಪ್ರಯೋಗಶಾಲೆಯ ಫ್ಲಾಸ್ಕಿನ ಚಿತ್ರ ಹಾಕುತ್ತಾರೆ. ಇಲ್ಲಿ ಬಟ್ಟೆ ಅರ್ಧ, ಅಂದರೆ ನಾಲ್ಕು ಕಿಲೋದಷ್ಟು, ನೀರು ಹೆಚ್ಚು. ಬಿಸಿನೀರನ್ನು ಹೊರಬಿಡುವ ಮೊದಲು ತಣ್ಣೀರು ಬೆರೆಸಿ ನಿಧಾನವಾಗಿ ಆರಿಸುತ್ತದೆ, ಏಕೆಂದರೆ ಬಿಸಿ ಪಾಲಿಯೆಸ್ಟರನ್ನು ಹಾಗೆಯೇ ಹಿಂಡಿದರೆ ಸುಕ್ಕು ಕೂತುಬಿಡುತ್ತದೆ. ಗರಿಯದು ಇನ್ನೂ ಕಡಿಮೆ ಬಟ್ಟೆ, ಇನ್ನೂ ಮೆಲುವಾದ ಓಡಾಟ.

ನೂಲಿನ ಉಂಡೆ ಉಣ್ಣೆಗೆ. ಉಣ್ಣೆಯ ಎಳೆಯ ಮೇಲೆ ಕಣ್ಣಿಗೆ ಕಾಣದ ಹುರುಪೆಗಳಿವೆ. ಒದ್ದೆ, ಬಿಸಿ, ಓಡಾಟ ಮೂರೂ ಒಟ್ಟಿಗೆ ಸೇರಿದಾಗ ಅವು ಒಂದಕ್ಕೊಂದು ಸಿಕ್ಕಿಕೊಂಡು ಮತ್ತೆ ಬಿಡುವುದಿಲ್ಲ. ದೊಡ್ಡವರ ಸ್ವೆಟರು ಮಗುವಿನ ಅಳತೆಗೆ ಇಳಿಯುವುದು ಹೀಗೆ. ಇದರಲ್ಲಿ ಬಿಸಿಯನ್ನಷ್ಟೇ ದೂರಿ, ‘30 ಡಿಗ್ರಿಯಲ್ಲೇ ಒಗೆದೆವಲ್ಲ’ ಎನ್ನುತ್ತಾರೆ. ಹತ್ತಿಯ ಕಾರ್ಯಕ್ರಮದಲ್ಲಿ 30 ಇಟ್ಟಿದ್ದರೆ ಉಣ್ಣೆ ಕುಗ್ಗುವುದಕ್ಕೆ ಆ ಉಜ್ಜಾಟವೇ ಸಾಕು. ಉಣ್ಣೆಯ ಕಾರ್ಯಕ್ರಮದಲ್ಲಿ ಡ್ರಮ್ಮು ಹೆಚ್ಚು ಹೊತ್ತು ಸುಮ್ಮನೆ ನಿಂತಿರುತ್ತದೆ, ಆಗೀಗ ಒಂದಿಷ್ಟು ತೂಗುತ್ತದೆ. ಮೆಷಿನ್ ಕೆಟ್ಟಿತೆಂದು ಆಗ ಯಾರೂ ಸ್ವಿಚ್ಚು ತೆಗೆಯಬಾರದು.

ಇನ್ನು ಬಿಸಿಯ ಅಂಕಿಗಳು. ಬಟ್ಟೆಯ ಪಟ್ಟಿಯಲ್ಲಿ 40 ಎಂದಿದ್ದರೆ ಅದು ಮೇಲ್ಮಿತಿ: ಇದಕ್ಕಿಂತ ಹೆಚ್ಚು ಬಿಸಿ ಬೇಡ, ಕಡಿಮೆಯಾದರೆ ಅಡ್ಡಿಯಿಲ್ಲ. ಅಮೆರಿಕದ ಪಟ್ಟಿಗಳಲ್ಲಿ ಅಂಕಿಯ ಬದಲು ತೊಟ್ಟಿಯೊಳಗೆ ಚುಕ್ಕೆಗಳಿರುತ್ತವೆ. ಒಂದು ಚುಕ್ಕೆಗೆ 30, ಎರಡಕ್ಕೆ 40, ಮೂರಕ್ಕೆ 50, ನಾಲ್ಕಕ್ಕೆ 60 ಎಂದು ಏರುತ್ತದೆ. ಡಯಲ್ಲಿನ 40 ಮಿತಿಯಲ್ಲ, ಗುರಿ. ನಲ್ಲಿಯಿಂದ ಬಂದ ನೀರನ್ನು ಒಳಗಿನ ಹೀಟರ್ ಅಲ್ಲಿಯವರೆಗೆ ಕಾಯಿಸಲು ನೋಡುತ್ತದೆ. ಕಾಯಿಸಬಲ್ಲದು, ಆದರೆ ತಣ್ಣಗೆ ಮಾಡಲಾರದು. ಅಕ್ಕ ಕೇಳಿದ್ದು ಇದನ್ನೇ: “ಮಂಜಿನ ಗುರುತಿಗೆ ಇಟ್ರೆ ಫ್ರಿಜ್ಜಿನ ಹಾಗೆ ನೀರು ತಣ್ಣಗೆ ಮಾಡುತ್ತೇನೋ?” ಇಲ್ಲ. ಮಂಜಿನ ಹರಳೆಂದರೆ ಹೀಟರ್ ಹಚ್ಚುವುದೇ ಇಲ್ಲ, ನಲ್ಲಿಯ ನೀರು ಹೇಗಿದೆಯೋ ಹಾಗೆ.

ಊರು ಬದಲಾದಾಗ ಇದರಿಂದ ಒಂದು ವಿಚಿತ್ರ ಆಗುತ್ತದೆ. ಸ್ಟುಟ್‌ಗಾರ್ಟಿನ ನಲ್ಲಿನೀರು 15 ಡಿಗ್ರಿ ಎಂದಿಟ್ಟುಕೊಂಡರೆ ಅಲ್ಲಿ ಮಂಜಿನ ಹರಳು, 20, 30 ಮೂರೂ ಬೇರೆ ಬೇರೆ ಆಯ್ಕೆಗಳು. ಬೆಂಗಳೂರಿನಲ್ಲಿ ನೀರು 25 ಡಿಗ್ರಿಗೇ ಒಳಗೆ ಬರುತ್ತದೆ ಎನ್ನೋಣ. ಆಗ 20 ಕೂಡ ಮಂಜಿನ ಹರಳೇ. ಹೀಟರಿಗೆ ಕೆಲಸವೇ ಇಲ್ಲ. ಏಪ್ರಿಲ್ ಮಧ್ಯಾಹ್ನ ತಾರಸಿಯ ಕರಿ ಟ್ಯಾಂಕಿನಿಂದ ಇಳಿಯುವ ನೀರು ಮುಟ್ಟಿದರೇ ಬೆಚ್ಚಗಿರುತ್ತದೆ, ಅಂಥ ಹೊತ್ತಿನಲ್ಲಿ 30ಕ್ಕೂ ಅರ್ಥವಿಲ್ಲ. ಉಣ್ಣೆ, ಬಣ್ಣ ಬಿಡುವ ಹೊಸ ಬಟ್ಟೆ ಇಂಥವನ್ನು ಬೆಳಗಿನ ಜಾವ ಟ್ಯಾಂಕು ಆರಿರುವಾಗ ಒಗೆಯಬೇಕು. ಡಯಲ್ಲಿನ ಯಾವ ಗುರುತೂ ಈ ಕೆಲಸ ಮಾಡಿಕೊಡುವುದಿಲ್ಲ.

ಖರ್ಚಿನ ಲೆಕ್ಕವೂ ಬದಲಾಗುತ್ತದೆ. ಮುಖ್ಯ ಒಗೆತಕ್ಕೆ 12 ಲೀಟರ್ ನೀರು ತೆಗೆದುಕೊಂಡಿತು ಎಂದು ಹಿಡಿಯೋಣ. 25ರಿಂದ 40ಕ್ಕೆ ಏರಿಸಲು ಸುಮಾರು 0.2 ಯೂನಿಟ್ ಕರೆಂಟು, 60ಕ್ಕೆ ಏರಿಸಲು ಸುಮಾರು 0.5 ಯೂನಿಟ್. ಬಟ್ಟೆ, ಡ್ರಮ್ಮು ಬಿಸಿಯಾಗುವುದು ಇದರ ಮೇಲೆ. ಅದೇ 60ನ್ನು 15 ಡಿಗ್ರಿಯ ನೀರಿನಿಂದ ಶುರು ಮಾಡಿದರೆ 0.6 ದಾಟುತ್ತದೆ. ಎಂದರೆ ಬಿಸಿ ಒಗೆತ ನಮ್ಮಲ್ಲಿ ಅಲ್ಲಿಗಿಂತ ಸ್ವಲ್ಪ ಅಗ್ಗ. ದಿನನಿತ್ಯದ ಬಟ್ಟೆಗೆ 40 ಬೇಕಾದಷ್ಟಾಯಿತು. ಟವೆಲು, ಹಾಸಿಗೆಯ ಚಾದರ, ಕಾಯಿಲೆಯವರ ಬಟ್ಟೆಗೆ 60 ಇಡುವುದಕ್ಕೆ ಕಾರಣವಿದೆ, ಹಾಸಿಗೆಯ ಧೂಳುಹುಳುಗಳು ಸಾಯುವುದು ಆ ಬಿಸಿಯಲ್ಲಿ. ಆಮ್ಲಜನಕದ ಬ್ಲೀಚ್ ಬೆರೆಸಿದ ಪುಡಿಗಳೂ ಬಿಸಿಯಲ್ಲೇ ಚೆನ್ನಾಗಿ ಕೆಲಸ ಮಾಡುತ್ತವೆ. ಆ ಬ್ಲೀಚ್ ಇರುವುದು ಪುಡಿಯಲ್ಲಿ, ಅದೂ ಎಲ್ಲ ಪುಡಿಯಲ್ಲೂ ಅಲ್ಲ. ಲಿಕ್ವಿಡ್ಡಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಪೊಟ್ಟಣದ ಹಿಂದೆ ಓದಿಕೊಳ್ಳಬೇಕು. 90ರ ‘ಕೋಖ್‌ವೆಷೆ’ಯನ್ನು, ಅಂದರೆ ಕುದಿಸಿ ಒಗೆಯುವುದನ್ನು, ನಾನು ಅಕ್ಕನಿಗೆ ಮರೆತುಬಿಡು ಎಂದೇ ಹೇಳಿದೆ. ಅವರ ಮನೆಯದು ಬೋರ್‌ವೆಲ್ ನೀರು, ಗಡುಸು. ನೀರು ಹೆಚ್ಚು ಕಾದಷ್ಟೂ ಹೀಟರಿನ ಮೇಲೆ ಸುಣ್ಣದ ಪದರ ಬೇಗ ಕಟ್ಟುತ್ತದೆ. ಕಾಫಿಗೆ ನೀರು ಕಾಯಿಸುವ ಪಾತ್ರೆಯ ತಳ ನೋಡಿದರೆ ಒಳಗಿನ ಹೀಟರಿನ ಸ್ಥಿತಿ ಊಹಿಸಬಹುದು.

ಬಿಸಿಯ ವಿಷಯದಲ್ಲಿ ಇನ್ನೊಂದು ಗುರುತು ಇದೆ, ಅದು ಯುರೋಪಿನ ಕಾನೂನಿನಿಂದ ಬಂದದ್ದು. ಅಕ್ಕನ ಡಯಲ್ಲಿನಲ್ಲಿ ಹತ್ತಿಯ ಸಾಲಿನಲ್ಲಿ ಸಾದಾ 60 ಒಂದು, ಪಕ್ಕದಲ್ಲಿ ಬಾಣ ಇರುವ 60 ಇನ್ನೊಂದು ಇದೆ. ಬಾಣದ್ದಕ್ಕೆ ಇಟ್ಟರೆ ಮೂರು ಗಂಟೆ ದಾಟಿದ ಹೊತ್ತು ತೋರಿಸುತ್ತದೆ, ಸಾದಾ 60ಕ್ಕಿಂತ ಕರೆಂಟು ಕಡಿಮೆ ತಿನ್ನುತ್ತದೆ. ಇದು ಹೇಗೆ ಸಾಧ್ಯ ಎಂದರೆ ಸಿನ್ನರನ ಲೆಕ್ಕವೇ: ಬಿಸಿ ಇಳಿಸಿ, ಹೊತ್ತು ಏರಿಸಿದ್ದಾರೆ. ಎನರ್ಜಿ ಲೇಬಲ್ಲಿನ ಪರೀಕ್ಷೆಗೆ ಬಳಸುವ ಕಾರ್ಯಕ್ರಮಕ್ಕೆ ಹಲವು ಕಂಪನಿಗಳು ಹಾಕುತ್ತಿದ್ದ ಗುರುತು ಆ ಬಾಣ. ಅಂಥ ಕಾರ್ಯಕ್ರಮದಲ್ಲಿ ನೀರಿನ ನಿಜವಾದ ಬಿಸಿ ಬರೆದಿರುವ ಅಂಕಿಗಿಂತ ಬೇರೆಯಾಗಿರಬಹುದು ಎಂದು ಕೈಪಿಡಿಯಲ್ಲಿ ತಿಳಿಸಬೇಕೆಂದು 2010ರ ಯುರೋಪಿಯನ್ ನಿಯಮವೇ ಹೇಳಿತ್ತು. ಆದ್ದರಿಂದ ಧೂಳುಹುಳು, ಕಾಯಿಲೆ ಎಂಬ ಕಾರಣಕ್ಕೆ 60 ಬೇಕಾದವರು ಬಾಣದ್ದನ್ನು ನಂಬಬಾರದು. ಸಾದಾ 60 ಇಡಬೇಕು. 2021ರ ಮಾರ್ಚ್ 1ರಿಂದ ಯುರೋಪಿನ ಮಾರುಕಟ್ಟೆಗೆ ಬಂದ ಮೆಷಿನ್ನುಗಳಲ್ಲಿ ಬಾಣ ಹೋಗಿ ‘ಇಕೋ 40-60’ ಎಂಬ ಹೆಸರು ಬಂತು. 40ರ ಪಟ್ಟಿಯ ಹತ್ತಿ ಬಟ್ಟೆಯನ್ನೂ 60ರ ಪಟ್ಟಿಯದನ್ನೂ ಒಟ್ಟಿಗೆ ಹಾಕಬಹುದು ಎಂಬುದು ಆ ಹೆಸರಿನ ಅರ್ಥ. ನೀರು 40ರಿಂದ 60ರವರೆಗೆ ಕಾಯುತ್ತದೆ ಎಂದು ಹಲವರು ಓದುತ್ತಾರೆ, ಅದು ತಪ್ಪು. 40ರ ಬಟ್ಟೆ ಒಳಗಿದ್ದಾಗ 60ಕ್ಕೆ ಕಾಯಿಸುವುದಾದರೂ ಹೇಗೆ?

ಅಕ್ಕನ ಮೆಷಿನ್ನಿನಲ್ಲಿ ಇಕೋ 40-60 ಇಲ್ಲದಿರುವುದಕ್ಕೆ ಕಾರಣ ಅದರ ವಯಸ್ಸು. ಬಾಗಿಲು ತೆರೆದರೆ ಅಂಚಿನಲ್ಲಿ ಅಂಟಿಸಿದ ಚೀಟಿಯಲ್ಲಿ ಎಫ್‌ಡಿ 9405 ಎಂದಿದೆ. ಬಾಷ್, ಸೀಮೆನ್ಸ್ ಹೆಸರಿನ ಮೆಷಿನ್ನುಗಳಲ್ಲಿ ಈ ಅಂಕಿಯ ಮೊದಲ ಎರಡಕ್ಕೆ 1920 ಕೂಡಿಸಿದರೆ ತಯಾರಾದ ವರ್ಷ ಸಿಗುತ್ತದೆ, ಕೊನೆಯ ಎರಡು ತಿಂಗಳು: 2014, ಮೇ. ಡಯಲ್ಲಿನಲ್ಲಿ 20 ಏಕಿದೆ ಎನ್ನುವುದಕ್ಕೂ ಇದೇ ಉತ್ತರ. ಅಂಥ ಒಂದು ಆಯ್ಕೆ ಇರಲೇಬೇಕೆಂಬ ನಿಯಮ 2013ರ ಡಿಸೆಂಬರಿನಿಂದ ಜಾರಿಗೆ ಬಂದಿತ್ತು.

ಹಂತಗಳ ಗುರುತುಗಳಿಗೆ ಬಂದರೆ, ಇವನ್ನು ಯಾವ ದೇಶದ ಮೆಷಿನ್ನಿನಲ್ಲಾದರೂ ಹೆಚ್ಚು ಧೈರ್ಯದಿಂದ ಓದಬಹುದು. ತೊಟ್ಟಿಯ ಮೇಲೆ ಹನಿ ಅಥವಾ ಷವರ್ ಇದ್ದರೆ ಜಾಲಿಸುವುದು. ಜತೆಗೆ ಕೂಡಿಸುವ ಗುರುತು ಇದ್ದರೆ ಇನ್ನೊಂದು ಸಲ ಜಾಲಿಸುವುದು. ಸುರುಳಿ ಹಿಂಡುವುದು, ಗೀಟು ಹೊಡೆದ ಸುರುಳಿ ಹಿಂಡದೆ ಬಿಡುವುದು. ತೊಟ್ಟಿಯಿಂದ ಕೆಳಕ್ಕೆ ಬಾಣ ಇದ್ದರೆ ನೀರು ಹೊರಹಾಕುವುದಷ್ಟೇ. ಇಸ್ತ್ರಿಪೆಟ್ಟಿಗೆ ಇದ್ದರೆ ಸುಕ್ಕು ಕಡಿಮೆಯಾಗುವಂತೆ ಮೆಲ್ಲಗೆ ಹಿಂಡುವುದು. ಮೆಷಿನ್ ಇಸ್ತ್ರಿ ಮಾಡಿಕೊಡುತ್ತದೆ ಎಂದಲ್ಲ.

ಇವುಗಳಲ್ಲಿ ನಿಜವಾಗಿ ಹೆದರಿಸುವುದು ಒಂದೇ: ನೀರು ತುಂಬಿದ ತೊಟ್ಟಿ. ಜರ್ಮನಿನಲ್ಲಿ ‘ಶ್ಪ್ಯೂಲ್‌ಸ್ಟಾಪ್’. ಕೊನೆಯ ಸಲ ಜಾಲಿಸಿದ ನೀರಿನಲ್ಲೇ ಬಟ್ಟೆಯನ್ನು ಬಿಟ್ಟು ಮೆಷಿನ್ ನಿಂತುಬಿಡುತ್ತದೆ. ಮನೆಯಲ್ಲಿ ಯಾರೂ ಇಲ್ಲದಾಗ ಹಿಂಡಿದ ಬಟ್ಟೆ ಮುದ್ದೆಯಾಗಿ ಬಿದ್ದು ಸುಕ್ಕಾಗದಿರಲಿ ಎಂಬ ಉಪಾಯ ಅದು. ಹಲವು ಮೆಷಿನ್ನುಗಳಲ್ಲಿ ಇದಕ್ಕೆ ಪ್ರತ್ಯೇಕ ಚಿತ್ರವೂ ಇರುವುದಿಲ್ಲ; ಹಿಂಡುವ ವೇಗವನ್ನು 1400, 1200, 800 ಎಂದು ಇಳಿಸುತ್ತ ಹೋದರೆ ಕೊನೆಗೆ ಮೂರು ಅಡ್ಡಗೀಟು ಬರುತ್ತದೆ. ಅಕ್ಕನ ಮನೆಯಲ್ಲಿ ಆದದ್ದು ಇದೇ. ಮೊಮ್ಮಗ ಬಟನ್ ಒತ್ತಿ ಆಟವಾಡಿದ್ದ. ಗಾಜಿನ ಬಾಗಿಲಿನಲ್ಲಿ ಅರ್ಧದವರೆಗೆ ನೀರು, ಬಾಗಿಲು ತೆರೆಯದು, ಯಾವ ಕೆಂಪು ದೀಪವೂ ಇಲ್ಲ. ಕರೆಸಿದ ಮೆಕ್ಯಾನಿಕ್ ಪಂಪ್ ಹೋಗಿದೆ ಎಂದ. ಪಂಪ್ ಕೆಟ್ಟಿದ್ದರೆ ಮೆಷಿನ್ ಬಹುಮಟ್ಟಿಗೆ ದೋಷದ ಸಂಕೇತ ತೋರಿಸುತ್ತದೆ. ಸುಮ್ಮನೆ, ಶಾಂತವಾಗಿ ನೀರು ಹಿಡಿದು ನಿಂತಿದ್ದರೆ ಅದು ಯಾರೋ ಹೇಳಿದ್ದನ್ನು ಮಾಡಿದೆ ಎಂದೇ ಮೊದಲು ಅನುಮಾನಿಸಬೇಕು. ನಾಬನ್ನು ಕೆಳಮುಖ ಬಾಣಕ್ಕೆ ತಿರುಗಿಸಿ ಸ್ಟಾರ್ಟ್ ಒತ್ತಿಸಿದೆ. ನೀರು ಹೋಯಿತು. ಬಾಗಿಲ ಲಾಕ್ ಬಿಡುವುದಕ್ಕೆ ಮತ್ತೆ ಒಂದೆರಡು ನಿಮಿಷ ಬೇಕು, ಆಗ ಹಿಡಿ ಹಿಡಿದು ಎಳೆದರೆ ಹಿಡಿಯೇ ಮುರಿಯುತ್ತದೆ.

ಸೋಪಿನ ಡ್ರಾದ ಮೇಲೂ ಗೀಟುಗಳಿವೆ, ಇಲ್ಲಿ ರೋಮನ್ ಅಂಕಿಯ ಹಾಗೆ. ಒಂದು ಗೀಟಿನ ಖಾನೆ ಪ್ರೀವಾಷಿಗೆ, ಎರಡು ಗೀಟಿನದು ಮುಖ್ಯ ಒಗೆತಕ್ಕೆ, ಹೂವಿನದು ಕಂಡಿಷನರಿಗೆ. ಖಾನೆಗಳ ಸಾಲು ಕಂಪನಿಯಿಂದ ಕಂಪನಿಗೆ ಬದಲಾಗುವುದರಿಂದ ಎಡ ಬಲ ನೆನಪಿಟ್ಟುಕೊಳ್ಳುವುದು ವ್ಯರ್ಥ, ಗುರುತನ್ನೇ ನೋಡಬೇಕು. ಪ್ರೀವಾಷ್ ಆರಿಸದೆ ಒಂದು ಗೀಟಿನ ಖಾನೆಗೆ ಪುಡಿ ಹಾಕಿದರೆ ಆ ಖಾನೆಗೆ ನೀರು ಸರಿಯಾಗಿ ಹರಿಯುವುದಿಲ್ಲ. ಬಟ್ಟೆ ಬರೀ ನೀರಿನಲ್ಲಿ ಒಗೆದು ಬರುತ್ತದೆ, ಡ್ರಾದಲ್ಲಿ ಪುಡಿ ಗಟ್ಟಿಯಾಗಿ ಕೂತಿರುತ್ತದೆ. ‘ಫಾರಿನ್ ಮೆಷಿನ್ನಿನಲ್ಲಿ ಕೊಳೆಯೇ ಹೋಗುವುದಿಲ್ಲ’ ಎನ್ನುವವರು ಮೊದಲು ಈ ಡ್ರಾ ಎಳೆದು ನೋಡಲಿ.

ಬದಿಯ ಪುಟ್ಟ ದೀಪಗಳಲ್ಲಿ ಬೀಗದಕೈ ಮಕ್ಕಳ ಲಾಕ್. ಒಂದು ಬಟನ್ನನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ಹೋಗುತ್ತದೆ, ಯಾವ ಬಟನ್ ಎಂಬುದಕ್ಕೆ ಬೀಗದಕೈ ಚಿತ್ರ ಯಾವುದರ ಹತ್ತಿರ ಇದೆಯೋ ನೋಡಿಕೊಳ್ಳಬೇಕು. ಗಡಿಯಾರದ ವಿಷಯದಲ್ಲಿ ಒಂದು ಎಚ್ಚರ: ಜರ್ಮನ್ ಮೆಷಿನ್ನಿನಲ್ಲಿ ‘ಫೆರ್ಟಿಗ್ ಇನ್’ ಎಂದಿದ್ದರೆ ಅದು ಶುರುವಾಗುವ ಹೊತ್ತಲ್ಲ, ಮುಗಿಯುವ ಹೊತ್ತು. ಎಂಟು ಗಂಟೆ ಇಟ್ಟರೆ ಎಂಟನೆಯ ಗಂಟೆಗೆ ಬಟ್ಟೆ ಸಿದ್ಧ.

ನಲ್ಲಿಯ ಚಿತ್ರದ ದೀಪ ಮಾತ್ರ ನಮ್ಮ ಊರುಗಳಲ್ಲಿ ಬೇರೆಯೇ ಕತೆ ಹೇಳುತ್ತದೆ. ನಲ್ಲಿ ತಿರುಗಿಸಿಲ್ಲ, ನೀರು ಬರುತ್ತಿಲ್ಲ ಎಂದು ಅದರ ಅರ್ಥ. ನಲ್ಲಿ ಪೂರ್ತಿ ತೆರೆದಿದ್ದರೂ ಉರಿದರೆ ಒತ್ತಡ ಸಾಲದು. ಯುರೋಪಿನ ಹಲವು ಮೆಷಿನ್ನುಗಳು ಕನಿಷ್ಠ ಒಂದು ಬಾರ್ ಒತ್ತಡ ಕೇಳುತ್ತವೆ. ಅಷ್ಟು ಒತ್ತಡಕ್ಕೆ ಟ್ಯಾಂಕು ನಲ್ಲಿಗಿಂತ ಹತ್ತು ಮೀಟರ್ ಎತ್ತರದಲ್ಲಿರಬೇಕು. ಮೇಲಿನ ಮಹಡಿಯಲ್ಲಿ ಮೆಷಿನ್, ಅದರ ತಲೆಯ ಮೇಲೇ ತಾರಸಿಯ ಟ್ಯಾಂಕು ಎಂದರೆ ಮೂರು ಮೀಟರೂ ಸಿಗುವುದಿಲ್ಲ. ನೀರು ಸಣ್ಣಗೆ ಬರುತ್ತದೆ, ಮೆಷಿನ್ ಕಾದು ಕಾದು ದೀಪ ಹಚ್ಚುತ್ತದೆ. ಇದಕ್ಕೆ ಡಯಲ್ಲಿನಲ್ಲಿ ಪರಿಹಾರ ಹುಡುಕಿ ಫಲವಿಲ್ಲ. ಸಣ್ಣ ಪ್ರೆಷರ್ ಪಂಪ್ ಕೂರಿಸಬೇಕು, ಇಲ್ಲವೇ ಮೆಷಿನ್ನನ್ನೇ ಕೆಳಗಿನ ಮಹಡಿಗೆ ಇಳಿಸಬೇಕು. ಕರೆಂಟಿನ ವಿಷಯದಲ್ಲಿ ಜರ್ಮನಿಯದೂ ನಮ್ಮದೂ 230 ವೋಲ್ಟ್, 50 ಹರ್ಟ್ಸ್, ತೊಂದರೆಯಿಲ್ಲ. ಆದರೆ ಚೀಟಿಯಲ್ಲಿ 2300 ವ್ಯಾಟ್ ಎಂದಿದ್ದರೆ ಹೀಟರ್ ಹತ್ತು ಆಂಪಿಯರ್ ಎಳೆಯುತ್ತದೆ ಎಂದರ್ಥ. ಗುಂಡು ಪಿನ್ನಿನ ಪ್ಲಗ್ಗಿಗೆ ಬೀದಿಯಂಗಡಿಯ ಅಡಾಪ್ಟರ್ ಸಿಕ್ಕಿಸಿ ಸಣ್ಣ ಸಾಕೆಟ್ಟಿಗೆ ಕೊಟ್ಟರೆ ಮಂಜಿನ ಹರಳಿನಲ್ಲಿ ಎಲ್ಲ ಸರಿಯಿರುತ್ತದೆ, 60ಕ್ಕೆ ಇಟ್ಟ ದಿನ ಪ್ಲಾಸ್ಟಿಕ್ ಸುಟ್ಟ ವಾಸನೆ ಬರುತ್ತದೆ. ಅಮೆರಿಕದಿಂದ ತಂದ ಮೆಷಿನ್ನಿನ ಮಾತೇ ಬೇರೆ: 120 ವೋಲ್ಟ್, 60 ಹರ್ಟ್ಸ್, ಬಿಸಿ ತಣ್ಣೀರಿಗೆ ಎರಡು ಪೈಪು. ಡಯಲ್ಲಿನಲ್ಲಿ ಇಂಗ್ಲಿಷ್ ಇದೆಯಲ್ಲ ಎಂದು ಅದನ್ನು ಹೊತ್ತು ತರುವುದಕ್ಕೆ ನಾನಂತೂ ಹೇಳಲಾರೆ.

ಇಷ್ಟಾದರೂ ಅರ್ಥವಾಗದ ಚಿತ್ರ ಒಂದೆರಡು ಉಳಿದೇ ಉಳಿಯುತ್ತವೆ. ಆಗ ಚಿತ್ರವನ್ನು ದಿಟ್ಟಿಸುವುದಕ್ಕಿಂತ ಮೆಷಿನ್ನನ್ನೇ ಕೇಳುವುದು ಒಳ್ಳೆಯದು. ಖಾಲಿ ಮೆಷಿನ್ನಿಗೆ ಸ್ವಿಚ್ ಹಾಕಿ, ನಾಬನ್ನು ಆ ಚಿತ್ರಕ್ಕೆ ತಿರುಗಿಸಿ. ಸ್ಟಾರ್ಟ್ ಒತ್ತುವವರೆಗೆ ನೀರು ಬರುವುದಿಲ್ಲ, ಏನೂ ಕೆಡುವುದಿಲ್ಲ. ಪರದೆಯಲ್ಲಿ ಹೊತ್ತು ಬರುತ್ತದೆ. ಆಮೇಲೆ ಬಿಸಿಯ ಬಟನ್ ಒತ್ತುತ್ತ ಹೋಗಿ ಅದು ಎಲ್ಲಿಯವರೆಗೆ ಏರುತ್ತದೆ ನೋಡಿ. ಹಿಂಡುವ ವೇಗವನ್ನೂ ಹಾಗೆಯೇ ನೋಡಿ. ಅಕ್ಕನ ಡಯಲ್ಲಿನಲ್ಲಿ ಫ್ಲ್ಯಾಶಿಗೆ ಅಳಿಸಿಹೋದ ಒಂದು ಚಿತ್ರ 40ರ ಮೇಲೆ ಏರಲಿಲ್ಲ, 800ರ ಮೇಲೆ ತಿರುಗಲೂ ಒಪ್ಪಲಿಲ್ಲ, ಹೊತ್ತು ಮುಕ್ಕಾಲು ಗಂಟೆಗೂ ಕಡಿಮೆ. ಹತ್ತಿಯ ಕಾರ್ಯಕ್ರಮ ಹೀಗೆ ಸಂಕೋಚಪಡುವುದಿಲ್ಲ. ಅದು ಗರಿಯೋ ಉಣ್ಣೆಯೋ ಆಗಿರಬೇಕು. ಎರಡನೆಯ ಫೋಟೋದಲ್ಲಿ ಗರಿ ಎಂದೇ ಕಂಡಿತು. 90ರವರೆಗೆ ಏರಿದರೆ ಹತ್ತಿಯೇ ಸರಿ. 60ಕ್ಕೆ ನಿಂತು ಹಿಂಡುವ ವೇಗವೂ ತುಸು ತಗ್ಗಿದ್ದರೆ ಬೆರಕೆ ನೂಲಿನದು. ಬಿಸಿಯ ಬಟನ್ನಿಗೆ ಜಗ್ಗದೆ, ಹತ್ತೇ ನಿಮಿಷ ತೋರಿಸಿದರೆ ಅದು ಪೂರ್ತಿ ಕಾರ್ಯಕ್ರಮವಲ್ಲ, ಜಾಲಿಸುವುದು ಅಥವಾ ಹಿಂಡುವುದು.

ಬೇರೆಯವರನ್ನು ಕೇಳುವುದೇ ಆದರೆ ಫೋಟೋ ಮೂರು ಬೇಕು. ಡಯಲ್ಲಿನದು ಫ್ಲ್ಯಾಶ್ ಇಲ್ಲದೆ, ಸ್ವಲ್ಪ ಓರೆಯಿಂದ, ಕಿಟಕಿಯ ಬೆಳಕಿನಲ್ಲಿ. ಸೋಪಿನ ಡ್ರಾ ಎಳೆದು ಮೇಲಿನಿಂದ ಒಂದು. ಬಾಗಿಲಿನ ಅಂಚಿನ ಚೀಟಿಯದು ಒಂದು. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಅದರಲ್ಲಿರುವ ಮಾಡೆಲ್ ಸಂಖ್ಯೆಯಿಂದ ಕಂಪನಿಯ ತಾಣದಲ್ಲಿ ಆ ಮೆಷಿನ್ನಿನ ಕೈಪಿಡಿಯೇ ಹಲವು ಸಲ ಇಂಗ್ಲಿಷಿನಲ್ಲಿ ಸಿಗುತ್ತದೆ. ಅದರಲ್ಲಿ ಕಾರ್ಯಕ್ರಮಗಳ ಕೋಷ್ಟಕ ಇರುವ ಒಂದೇ ಪುಟ ಪ್ರಿಂಟ್ ಮಾಡಿಸಿಕೊಂಡರೆ ಸಾಕು. ಯಾವುದಕ್ಕೆ ಎಷ್ಟು ಕಿಲೋ, ಎಷ್ಟು ಬಿಸಿ ಎಂಬುದು ಅಲ್ಲಿರುತ್ತದೆ.

ಅಕ್ಕನ ಮೆಷಿನ್ನಿನ ಮೇಲೆ ಈಗ ನಾಲ್ಕು ಕಡೆ ಬಿಳಿ ಟೇಪು ಅಂಟಿಸಿ ಕನ್ನಡದಲ್ಲಿ ಬರೆದಿದೆ. ಹತ್ತಿಯ 40ರ ಎದುರು ‘ದಿನದ್ದು’, ಸಾದಾ 60ರ ಎದುರು ‘ಚಾದರ, ಟವೆಲ್’, ಬೆರಕೆ ನೂಲಿನದಕ್ಕೆ ‘ಆಫೀಸಿನ ಅಂಗಿ, ಅರ್ಧ ಡ್ರಮ್’, ಕೆಳಮುಖ ಬಾಣಕ್ಕೆ ‘ನೀರು ನಿಂತರೆ’. ಉಳಿದವುಗಳ ಗೊಡವೆ ಅವಳಿಗೆ ಬೇಡವಂತೆ. ರೇಷ್ಮೆ ಸೀರೆಗೆ ಯಾವುದು ಎಂದು ಕೇಳಿದಳು. ಕೆಲವು ಮೆಷಿನ್ನುಗಳ ಉಣ್ಣೆಯ ಗುರುತಿನ ಪಕ್ಕ ರೇಷ್ಮೆ ಎಂದೂ ಬರೆದಿರುತ್ತದೆ. ಅದು ಸಾದಾ ರೇಷ್ಮೆಗೆ, ಅದೂ ಬಟ್ಟೆಯ ಪಟ್ಟಿಯಲ್ಲಿ ತೊಟ್ಟಿ ಇದ್ದು ಅದರ ಮೇಲೆ ಕತ್ತರಿ ಗುರುತು ಇಲ್ಲದಿದ್ದರೆ. ಜರಿ ಅಂಚಿನ ಮೈಸೂರು ಸಿಲ್ಕಿಗೆ ಆ ಡಯಲ್ಲಿನಲ್ಲಿ ಜಾಗವಿಲ್ಲ, ಅದು ವೃತ್ತದ ಗುರುತಿನವರ ಕೆಲಸ ಎಂದೆ.